ಕಿಲ್ ಸ್ವಿಚ್

ಅಪಾಯದ ಹೊತ್ತಿನಲ್ಲಿ ಯಂತ್ರವನ್ನು ಒಂದೇಟಿಗೆ ನಿಲ್ಲಿಸುವ ಗುಂಡಿಗೆ ಇದ್ದ ಈ ಇಂಗ್ಲಿಷ್ ಹೆಸರು, ಷೇರುಪೇಟೆಯಲ್ಲಿ ಗಣಕವೇ ಕಳಿಸುವ ಆರ್ಡರುಗಳನ್ನು ತಡೆಯುವ ವ್ಯವಸ್ಥೆಗೂ ಸಂದಿದೆ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಸಂಸ್ಥೆ, ತಪ್ಪಾಗಿ ಅಳವಡಿಸಿದ ತಂತ್ರಾಂಶದಿಂದ ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡದ್ದು ಇದರ ಅಗತ್ಯಕ್ಕೆ ಪ್ರಸಿದ್ಧ ನಿದರ್ಶನ. ಬೆಂಗಳೂರಿನ ದಲ್ಲಾಳಿ ಸಂಸ್ಥೆ ಜೆರೋಧಾ ತನ್ನ ಗ್ರಾಹಕರಿಗೆ ಇದೇ ಹೆಸರಿನ ಸೌಲಭ್ಯ ಕೊಟ್ಟಿದೆ. ಆದರೂ ದಿನದ ನಷ್ಟದ ಮಿತಿಗೆ ತಾನಾಗಿ ಬೀಳುವ ಸ್ವಿಚ್ಚನ್ನು ಆರ್ಡರು ಕಳಿಸುವ ತಂತ್ರಾಂಶದಲ್ಲೇ ಕಟ್ಟಿಕೊಳ್ಳುವುದು ಲೇಸು.

ಮಿತಿ 10,000 ರೂಪಾಯಿ ಎಂದಿಟ್ಟುಕೊಂಡರೆ, ಮುಗಿದ ವ್ಯವಹಾರಗಳ ನಷ್ಟ 6,200, ಕೈಯಲ್ಲಿ ಉಳಿದ ಷೇರುಗಳ ಈಗಿನ ಬೆಲೆಯಲ್ಲಿ ಕಾಣುವ ನಷ್ಟ 3,500, ದಲ್ಲಾಳಿ ಶುಲ್ಕ ಮತ್ತು ತೆರಿಗೆ 400 ಸೇರಿ 10,100 ಆಗುವುದರಿಂದ ಸ್ವಿಚ್ಚು ಬೀಳಬೇಕು. ಮೊದಲನೆಯದನ್ನಷ್ಟೇ ಲೆಕ್ಕ ಹಿಡಿಯುವ ತಂತ್ರಾಂಶ ಆಗಲೂ ಸುಮ್ಮನಿರುತ್ತದೆ. ಬಿದ್ದೊಡನೆ ಹೊಸ ಆರ್ಡರುಗಳಿಗೆ ತಡೆ, ಬಳಿಕ ಬಾಕಿ ಆರ್ಡರುಗಳ ರದ್ದತಿ, ಆಮೇಲೆ ಉಳಿದ ಷೇರುಗಳ ವಿಲೇವಾರಿ ನಡೆಯಬೇಕು. ಎಲ್ಲ ಆರ್ಡರುಗಳನ್ನೂ ಕುರುಡಾಗಿ ತಡೆದರೆ ಹೊರಬರುವ ಆರ್ಡರೂ ಸಿಕ್ಕಿಬೀಳುವುದರಿಂದ, ಇರುವ ಹೊರೆ ಇಳಿಸುವಂಥವಕ್ಕೆ ಮಾತ್ರ ದಾರಿ ಬಿಡಬೇಕಾಗುತ್ತದೆ. ರದ್ದತಿಯ ಕೋರಿಕೆ ತಲುಪುವಷ್ಟರಲ್ಲಿ ಕೆಲವು ಆರ್ಡರು ನೆರವೇರಿರಬಹುದಾದ್ದರಿಂದ ಕೈಯಲ್ಲಿರುವುದನ್ನು ಮತ್ತೊಮ್ಮೆ ದಲ್ಲಾಳಿ ಸಂಸ್ಥೆಯ ದಾಖಲೆಯಿಂದಲೇ ಓದಿಕೊಳ್ಳಬೇಕು. ಸ್ವಿಚ್ಚು ಬಿದ್ದ ಗುರುತನ್ನು ಕಡತದಲ್ಲಿ ಬರೆದಿಡದೆ ಗಣಕದ ನೆನಪಿನಲ್ಲಷ್ಟೇ ಇಟ್ಟರೆ, ತಂತ್ರಾಂಶ ಮರುಚಾಲನೆಯಾದ ಕೂಡಲೇ ಆರ್ಡರುಗಳು ಮತ್ತೆ ಹೊರಡುತ್ತವೆ.

ಸೆಬಿಯ 2025ರ ಫೆಬ್ರವರಿ 4ರ ಸುತ್ತೋಲೆ, ನಿರ್ದಿಷ್ಟ ಆಲ್ಗೊ ಗುರುತಿನ ಆರ್ಡರುಗಳ ಮೇಲೆ ಕಿಲ್ ಸ್ವಿಚ್ ಹಾಕುವ ಸಾಮರ್ಥ್ಯ ಷೇರು ವಿನಿಮಯ ಕೇಂದ್ರಗಳಿಗೂ ಇರಬೇಕು ಎನ್ನುತ್ತದೆ.