12, 24, 48 ವೋಲ್ಟ್: ಲೋಡ್ ದೊಡ್ಡದಾದಾಗ ಬ್ಯಾಟರಿಯ ವೋಲ್ಟೇಜ್ ಏಕೆ ಹೆಚ್ಚಿರಬೇಕು?

ಮಳೆಗಾಲದಲ್ಲಿ ಒಂದು ಗಾಳಿ ಬೀಸಿ ತೆಂಗಿನ ಮಡಲು ತಂತಿ ಮೇಲೆ ಬಿದ್ದರೆ ಸಾಕು, ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಗಂಟೆಗಟ್ಟಲೆ ಕರೆಂಟು ಇರುವುದಿಲ್ಲ. ಹಾಗಾಗಿ ಮನೆಗೊಂದು ಇನ್ವರ್ಟರ್ ಬಂದು ಎಷ್ಟೋ ಕಾಲವಾಯಿತು. ಮೊದಲು ನಾಲ್ಕು ಲೈಟು, ಎರಡು ಫ್ಯಾನಿಗೆಂದು ಒಂದು ಬ್ಯಾಟರಿ ಇಟ್ಟಿರುತ್ತಾರೆ. ಆಮೇಲೆ ಮೇಲಿನ ಮಾಳಿಗೆ ಕಟ್ಟುತ್ತಾರೆ, ಫ್ರಿಜ್ಜೂ ಅದಕ್ಕೇ ಸೇರುತ್ತದೆ, ಬಾವಿಯ ಮೋಟಾರೂ ಸೇರಲಿ ಅನಿಸುತ್ತದೆ. ಆಗ ಅಂಗಡಿಯಲ್ಲಿ ಎದುರಾಗುವ ಪ್ರಶ್ನೆ: "ಹನ್ನೆರಡು ವೋಲ್ಟಿನದು ಸಾಕಾ, ಇಪ್ಪತ್ನಾಲ್ಕಾ, ನಲ್ವತ್ತೆಂಟಾ?"

ಈ ಪ್ರಶ್ನೆಗೆ ಉತ್ತರ ಇರುವುದು ಬ್ಯಾಟರಿಯೊಳಗೆ ಅಲ್ಲ. ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ಎರಡು ಮಾರು ವಯರಿನಲ್ಲಿ.

ಒಂದು ಮನೆಯ ಲೆಕ್ಕ ಹಾಕಿ ನೋಡೋಣ. 70 ವ್ಯಾಟಿನ ಆರು ಫ್ಯಾನ್, ಹದಿನೈದು ಎಲ್‌ಇಡಿ ಲೈಟು, ಒಂದು ಟಿವಿ, ಒಂದು ಫ್ರಿಜ್, ಅಡುಗೆಮನೆಯ ಮಿಕ್ಸಿ, ಬಾವಿಗೆ ಅರ್ಧ ಎಚ್‌ಪಿ ಮೋಟಾರ್. ಎಲ್ಲವೂ ಒಟ್ಟಿಗೆ ಓಡಿದರೆ ಸುಮಾರು 2000 ವ್ಯಾಟ್. ಇದಕ್ಕೆ 150 ಆಂಪಿಯರ್ ಅವರ್‌ನ ನಾಲ್ಕು ಟ್ಯೂಬುಲರ್ ಬ್ಯಾಟರಿ ತಂದಿದ್ದಾರೆ ಎಂದಿಟ್ಟುಕೊಳ್ಳಿ. ಪ್ರತಿಯೊಂದೂ 12 ವೋಲ್ಟಿನದು. ನಾಲ್ಕನ್ನೂ ಪ್ಯಾರಲಲ್ ಆಗಿ, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಜೋಡಿಸಿದರೆ 12 ವೋಲ್ಟ್, 600 ಆಂಪಿಯರ್ ಅವರ್. ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಕಟ್ಟುತ್ತಾ ಸೀರೀಸ್ ಮಾಡಿದರೆ 48 ವೋಲ್ಟ್, 150 ಆಂಪಿಯರ್ ಅವರ್. ಎರಡೆರಡು ಸೀರೀಸ್ ಮಾಡಿ ಆ ಜೋಡಿಗಳನ್ನು ಪ್ಯಾರಲಲ್ ಕಟ್ಟಿದರೆ 24 ವೋಲ್ಟ್, 300 ಆಂಪಿಯರ್ ಅವರ್.

ಮೂರು ರೀತಿಯಲ್ಲೂ ಗುಣಿಸಿ ನೋಡಿ, ಸಿಗುವುದು ಅದೇ 7200 ವ್ಯಾಟ್ ಅವರ್. "ನಲ್ವತ್ತೆಂಟು ಮಾಡಿದರೆ ಬ್ಯಾಕಪ್ ನಾಲ್ಕು ಪಟ್ಟು ಬರುತ್ತದೆ" ಎಂದು ಕೆಲವರು ಹೇಳುವುದುಂಟು. ಹಾಗಲ್ಲ ಮಾರಾಯ್ರೆ. ಟ್ಯಾಂಕಿನ ನೀರು ಅಷ್ಟೇ, ಬದಲಾಗುವುದು ಪೈಪಿನಲ್ಲಿ ಆಗುವ ನಷ್ಟ ಮಾತ್ರ.

ಆ ನಷ್ಟ ಎಷ್ಟು ಎಂಬುದೇ ಮುಖ್ಯ ವಿಷಯ. ವ್ಯಾಟ್ ಅಂದರೆ ವೋಲ್ಟ್ ಗುಣಿಸು ಆಂಪಿಯರ್. ಇನ್ವರ್ಟರ್ ತಾನೂ ಸ್ವಲ್ಪ ತಿನ್ನುತ್ತದೆ. ಅದರ ದಕ್ಷತೆ ಶೇ. 90 ಎಂದು ಹಿಡಿದರೆ, 2000 ವ್ಯಾಟ್ ಹೊರಗೆ ಕೊಡಲು ಬ್ಯಾಟರಿಯಿಂದ ಸುಮಾರು 2220 ವ್ಯಾಟ್ ಎಳೆಯಬೇಕು. 12 ವೋಲ್ಟಿನಲ್ಲಿ ಅದಕ್ಕೆ 185 ಆಂಪಿಯರ್ ಬೇಕು. 24ರಲ್ಲಿ ಸುಮಾರು 93. 48ರಲ್ಲಿ 46 ಮಾತ್ರ.

ಈಗ ವಯರ್. ಬ್ಯಾಟರಿಗೂ ಇನ್ವರ್ಟರಿಗೂ ನಡುವೆ ಎರಡು ಮೀಟರ್ ದೂರ, 16 ಚದರ ಮಿ.ಮೀ. ತಾಮ್ರದ ಕೇಬಲ್ ಇದೆ ಅನ್ನೋಣ. ಹೋಗಿ ಬರುವ ದಾರಿ ನಾಲ್ಕು ಮೀಟರ್. ಇದರ ಪ್ರತಿರೋಧ ಸುಮಾರು 4.6 ಮಿಲಿಓಮ್. ಕೇಳಲು ಏನೂ ಅಲ್ಲ. ಆದರೆ ವಯರಿನಲ್ಲಿ ಶಾಖವಾಗಿ ಹೋಗುವ ಶಕ್ತಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ: ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು, ಕರೆಂಟು ನಾಲ್ಕು ಪಟ್ಟಾದರೆ ಶಾಖ ಹದಿನಾರು ಪಟ್ಟು. ನಮ್ಮ ಉದಾಹರಣೆಯಲ್ಲಿ 48 ವೋಲ್ಟಿಗೆ ಕೇಬಲ್ ತಿನ್ನುವುದು ಸುಮಾರು 10 ವ್ಯಾಟ್. 24 ವೋಲ್ಟಿಗೆ 40 ವ್ಯಾಟ್. 12 ವೋಲ್ಟಿಗೆ ಹತ್ತಿರ ಹತ್ತಿರ 157 ವ್ಯಾಟ್, ಅಂದರೆ ಎರಡು ಫ್ಯಾನು ತಿರುಗುವಷ್ಟು ಕರೆಂಟು ಗೋಡೆ ಬದಿಯ ವಯರನ್ನು ಬಿಸಿ ಮಾಡಲಿಕ್ಕೇ ಹೋಗುತ್ತದೆ. 16 ಚದರ ಮಿ.ಮೀ. ಕೇಬಲ್ 185 ಆಂಪಿಯರನ್ನು ತುಂಬ ಹೊತ್ತು ತಾಳುವಂಥದ್ದೂ ಅಲ್ಲ, ಅದರ ಪ್ಲಾಸ್ಟಿಕ್ ಹೊದಿಕೆ ಮೆದುವಾಗಿ ಕರಗಲು ಶುರುವಾಗುತ್ತದೆ. 48 ವೋಲ್ಟಿನಲ್ಲಿ ಆಗುವಷ್ಟೇ ಶೇಕಡಾವಾರು ನಷ್ಟ 12 ವೋಲ್ಟಿನಲ್ಲೂ ಸಾಕು ಎಂದರೆ ಕೇಬಲ್ ಹದಿನಾರು ಪಟ್ಟು ದಪ್ಪ, ಅಂದರೆ 256 ಚದರ ಮಿ.ಮೀ. ಬೇಕು. ಅಂಥ ಕೇಬಲ್ ಮನೆಯೊಳಗೆ ಬಗ್ಗಿಸಲಿಕ್ಕೇ ಆಗದು.

ಮನೆಯವರಿಗೆ ಮೊದಲು ಕಾಣುವುದು ಶಾಖವಲ್ಲ, ಟ್ರಿಪ್ ಆಗುವುದು. ಬ್ಯಾಟರಿ ಫುಲ್ ಇದೆ, ಲೈಟು ಫ್ಯಾನು ಚೆನ್ನಾಗಿಯೇ ಓಡುತ್ತಿದೆ, ಬಾವಿಯ ಮೋಟಾರ್ ಸ್ವಿಚ್ ಹಾಕಿದ ಕೂಡಲೇ ಇನ್ವರ್ಟರ್ ಕಿರುಚಿ ಆಫ್ ಆಗುತ್ತದೆ. "ಬ್ಯಾಟರಿ ಹೋಗಿದೆ, ಹೊಸದು ಹಾಕಿ" ಎನ್ನುತ್ತಾರೆ. ಹಲವು ಸಲ ಬ್ಯಾಟರಿಗೆ ಏನೂ ಆಗಿರುವುದಿಲ್ಲ. ಮೋಟಾರ್ ತಿರುಗಲು ಶುರುವಾಗುವ ಆ ಒಂದು ಕ್ಷಣ ಅದು ಮಾಮೂಲಿಗಿಂತ ನಾಲ್ಕೈದು ಪಟ್ಟು ಕರೆಂಟು ಎಳೆಯುತ್ತದೆ. ಒಟ್ಟು ಲೋಡ್ ಕ್ಷಣಕಾಲ 4000 ವ್ಯಾಟ್ ಮುಟ್ಟಿತು ಎನ್ನಿ. 12 ವೋಲ್ಟಿನಲ್ಲಿ ಅದು 370 ಆಂಪಿಯರ್, ಆಗ ಕೇಬಲ್ ಒಂದರಲ್ಲೇ 1.7 ವೋಲ್ಟ್ ಬಿದ್ದುಹೋಗುತ್ತದೆ. ಅಷ್ಟು ಎಳೆತಕ್ಕೆ ಬ್ಯಾಟರಿ 11.6ಕ್ಕೆ ಇಳಿದಿದ್ದರೆ ಇನ್ವರ್ಟರಿಗೆ ಕಾಣುವುದು 9.9 ವೋಲ್ಟ್. ಸಾಮಾನ್ಯವಾಗಿ 12 ವೋಲ್ಟ್ ಇನ್ವರ್ಟರ್ 10.5ರ ಆಸುಪಾಸಿನಲ್ಲಿ "ಬ್ಯಾಟರಿ ಖಾಲಿ" ಎಂದು ನಿಂತುಬಿಡುತ್ತದೆ. ಅದೇ ನಾಲ್ಕು ಬ್ಯಾಟರಿ, ಅದೇ ಕೇಬಲ್, 48 ವೋಲ್ಟ್ ಆದರೆ 46.4 ವೋಲ್ಟಿನಲ್ಲಿ ಬೀಳುವುದು 0.43 ವೋಲ್ಟ್. ಇನ್ವರ್ಟರಿಗೆ ಅದು ಗೊತ್ತೂ ಆಗುವುದಿಲ್ಲ.

ಇನ್ನೊಂದು ಜಾಗ ಟರ್ಮಿನಲ್. ನಟ್ ಸ್ವಲ್ಪ ಸಡಿಲ ಇದ್ದರೆ, ಲಗ್ಗನ್ನು ಸರಿಯಾಗಿ ಒತ್ತಿ ಕೂರಿಸದೆ ಸುತ್ತಿಗೆಯಲ್ಲಿ ಹೊಡೆದು ಬಿಟ್ಟಿದ್ದರೆ, ಉಪ್ಪುಗಾಳಿಗೆ ಹಸಿರು ಬಿಳಿ ಕಿಲುಬು ಹಿಡಿದಿದ್ದರೆ ಅಲ್ಲಿ ಎರಡು ಮಿಲಿಓಮ್ ಪ್ರತಿರೋಧ ಬರುವುದು ದೊಡ್ಡ ಸಂಗತಿಯಲ್ಲ. 46 ಆಂಪಿಯರ್ ಹರಿಯುವಾಗ ಆ ಒಂದು ಚುಕ್ಕೆಯಲ್ಲಿ 4 ವ್ಯಾಟ್ ಶಾಖ. 185 ಆಂಪಿಯರ್ ಹರಿಯುವಾಗ 68 ವ್ಯಾಟ್. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟಿನದು ಎಂದು ನೆನಪಿಟ್ಟುಕೊಂಡರೆ ಸೀಸದ ಟರ್ಮಿನಲ್ ಏಕೆ ಕರಗುತ್ತದೆ ಎಂಬುದು ತಿಳಿಯುತ್ತದೆ. ಇದನ್ನು ಪತ್ತೆ ಮಾಡಲು ಮಲ್ಟಿಮೀಟರ್ ಇದ್ದರೆ ಸಾಕು. ಲೋಡ್ ಓಡುತ್ತಿರುವಾಗ ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದನ್ನು ಅದೇ ಕಂಬಕ್ಕೆ ಕೂರಿಸಿದ ಲಗ್ಗಿನ ಮೇಲೆ ಇಡಬೇಕು. ಸೊನ್ನೆಯ ಹತ್ತಿರ ತೋರಿಸಬೇಕು. 0.2, 0.3 ವೋಲ್ಟ್ ತೋರಿಸಿದರೆ ಆ ಜೋಡಣೆ ಬಿಚ್ಚಿ ಉಜ್ಜಿ ಮತ್ತೆ ಬಿಗಿಯಲೇಬೇಕು.

ಹಾಗಾದರೆ 12 ವೋಲ್ಟ್ ಕೆಟ್ಟದ್ದೇ? ಅಲ್ಲ. ಲೈಟು, ಫ್ಯಾನು, ಟಿವಿ ಎಂದು 500 ವ್ಯಾಟಿನ ಒಳಗಿದ್ದರೆ ಒಂದೇ ಬ್ಯಾಟರಿಯ 12 ವೋಲ್ಟ್ ಇನ್ವರ್ಟರೇ ಅಗ್ಗ ಮತ್ತು ಸುಲಭ. ಕಾರಿನಲ್ಲೂ ಅದೇ. ಭಾರ ಹೆಚ್ಚಾದಂತೆ ವೋಲ್ಟೇಜೂ ಏರುವುದನ್ನು ರಸ್ತೆಯಲ್ಲೇ ನೋಡಬಹುದು: ಕಾರಿಗೆ 12, ಲಾರಿ ಬಸ್ಸಿಗೆ 24, ಬ್ಯಾಟರಿಯಲ್ಲೇ ಓಡುವ ಇ-ರಿಕ್ಷಾಗಳಲ್ಲಿ ಹೆಚ್ಚಿನವಕ್ಕೆ ನಾಲ್ಕು ಬ್ಯಾಟರಿಯ 48. ಮೊಬೈಲ್ ಟವರುಗಳ ಉಪಕರಣವೂ 48 ವೋಲ್ಟಿನದೇ. ಮನೆಯ ಇನ್ವರ್ಟರುಗಳಲ್ಲಿ ಸುಮಾರು 1 ಕೆವಿಎ ವರೆಗೆ 12 ವೋಲ್ಟ್, 2 ಕೆವಿಎ ಆಸುಪಾಸಿಗೆ 24, 3.5ರಿಂದ 5 ಕೆವಿಎಗೆ 48 ಎಂಬುದು ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಕಾಣುವ ಲೆಕ್ಕ. ಮೋಟಾರ್ ಇಲ್ಲದ, ಫ್ರಿಜ್ ಮತ್ತು ಮಿಕ್ಸಿ ಇರುವ ಮನೆಗೆ 24 ಸಾಕಾಗುತ್ತದೆ. ಮೇಲಿನ ಉದಾಹರಣೆಯ ಮನೆಗೆ 48.

ಸೋಲಾರ್ ಹಾಕುವವರಿಗೆ ಇನ್ನೊಂದು ಲಾಭವಿದೆ. ಪ್ಯಾನೆಲ್ ಮತ್ತು ಬ್ಯಾಟರಿಯ ನಡುವಿನ ಚಾರ್ಜ್ ಕಂಟ್ರೋಲರನ್ನು ಮಾರುವುದು ಆಂಪಿಯರ್ ಲೆಕ್ಕದಲ್ಲಿ. 30 ಆಂಪಿಯರಿನ ಕಂಟ್ರೋಲರ್ 12 ವೋಲ್ಟಿನಲ್ಲಿ ಸುಮಾರು 360 ವ್ಯಾಟನ್ನು ಮಾತ್ರ ಬ್ಯಾಟರಿಗೆ ತುಂಬಬಲ್ಲದು. ಅದೇ ಕಂಟ್ರೋಲರ್ 48 ವೋಲ್ಟಿಗೂ ಆಗುವಂಥದ್ದಾದರೆ 1440 ವ್ಯಾಟ್. ಆದರೆ ಪ್ಯಾನೆಲಿನ ವೋಲ್ಟೇಜ್ ಬ್ಯಾಟರಿಗಿಂತ ಮೇಲಿರಬೇಕು. "24 ವೋಲ್ಟ್ ಪ್ಯಾನೆಲ್" ಒಂದರಿಂದ 48 ವೋಲ್ಟ್ ಬ್ಯಾಟರಿ ಚಾರ್ಜ್ ಆಗದು, ಕಡಿಮೆ ಎಂದರೂ ಎರಡನ್ನು ಸೀರೀಸ್ ಮಾಡಬೇಕು.

48 ವೋಲ್ಟಿನ ತೊಂದರೆಯೂ ಹೇಳಬೇಕು. ಸೀರೀಸ್ ಅಂದರೆ ಸರಪಳಿ, ಒಂದು ಕೊಂಡಿ ಸೋತರೆ ನಾಲ್ಕೂ ಸೋತಂತೆ. ನಾಲ್ಕರ ಮೂಲಕವೂ ಹರಿಯುವುದು ಒಂದೇ ಕರೆಂಟು. ಇನ್ವರ್ಟರ್ ನೋಡುವುದು ಒಟ್ಟು ವೋಲ್ಟೇಜನ್ನು ಮಾತ್ರ. ಚಾರ್ಜಿಂಗ್ ಕೊನೆಯಲ್ಲಿ ಅದಕ್ಕೆ 57.6 ಕಂಡರೆ ಸಂತೋಷ, ತಲಾ 14.4 ಎಂದು ಅದರ ಲೆಕ್ಕ. ಒಳಗೆ ಒಂದು ಬ್ಯಾಟರಿ 13.5ರಲ್ಲಿ ಹಸಿದು ಕೂತಿರಬಹುದು, ಉಳಿದ ಮೂರು 14.7ರಲ್ಲಿ ಅತಿಯಾಗಿ ಕುದಿಯುತ್ತಿರಬಹುದು. ಒಟ್ಟು ಆಗಲೂ 57.6ವೇ. ತಿಂಗಳುಗಟ್ಟಲೆ ಹೀಗೇ ನಡೆದರೆ ಹಸಿದದ್ದು ಹಸಿವಿನಿಂದ ಹೋಗುತ್ತದೆ, ಉಳಿದವು ನೀರು ಆರಿ ಹೋಗುತ್ತವೆ. ಆದ್ದರಿಂದ ಎರಡು ತಿಂಗಳಿಗೊಮ್ಮೆಯಾದರೂ ಚಾರ್ಜ್ ಆಗುತ್ತಿರುವಾಗ ನಾಲ್ಕನ್ನೂ ಬೇರೆ ಬೇರೆಯಾಗಿ ಅಳೆದು ಬರೆದಿಡಬೇಕು. ವ್ಯತ್ಯಾಸ ಅರ್ಧ ವೋಲ್ಟಿನ ಹತ್ತಿರ ಬಂದರೆ ಬ್ಯಾಟರಿ ಬ್ಯಾಲೆನ್ಸರ್ ಹಾಕಿಸುವ ಕಾಲ ಬಂತು.

ಇದೇ ಕಾರಣಕ್ಕೆ ಹಳೆಯ ಎರಡು ಬ್ಯಾಟರಿಗೆ ಹೊಸ ಎರಡನ್ನು ಸೇರಿಸಿ 48 ಮಾಡಬಾರದು. ನಾಲ್ಕೂ ಒಂದೇ ಕಂಪೆನಿ, ಒಂದೇ ಸಾಮರ್ಥ್ಯ, ಒಂದೇ ವಯಸ್ಸಿನವು ಆಗಿರಬೇಕು. ನಾಲ್ಕರಲ್ಲಿ ಒಂದರಿಂದ ಮಾತ್ರ ವಯರ್ ಎಳೆದು ವೈಫೈ ರೂಟರಿಗೋ ಸಿಸಿ ಕ್ಯಾಮರಾಕ್ಕೋ 12 ವೋಲ್ಟ್ ಕೊಡುವ ಅಭ್ಯಾಸವೂ ಕೆಲವೆಡೆ ಇದೆ, ಆ ಒಂದು ಬ್ಯಾಟರಿಯನ್ನು ಬೇಗ ಸಾಯಿಸಲು ಅಷ್ಟು ಸಾಕು. ಅಂಥದ್ದಕ್ಕೆ 48ರಿಂದ 12ಕ್ಕೆ ಇಳಿಸುವ ಸಣ್ಣ ಕನ್ವರ್ಟರ್ ಸಿಗುತ್ತದೆ. ಲಿಥಿಯಂ ತೆಗೆದುಕೊಳ್ಳುವುದಾದರೆ ಸಣ್ಣ ಪ್ಯಾಕುಗಳನ್ನು ಸೀರೀಸ್ ಮಾಡುವುದಕ್ಕಿಂತ 16 ಸೆಲ್ಲುಗಳ 51.2 ವೋಲ್ಟಿನ ಒಂದೇ ಪ್ಯಾಕ್ ಒಳ್ಳೆಯದು, ಸೆಲ್ಲುಗಳನ್ನು ಸಮ ಮಾಡುವ ಕೆಲಸ ಅದರೊಳಗಿನ ಬಿಎಂಎಸ್ ನೋಡಿಕೊಳ್ಳುತ್ತದೆ.

ಇನ್ನು ಫ್ಯೂಸ್. ಬ್ಯಾಟರಿಯ ಪ್ಲಸ್ ಟರ್ಮಿನಲಿಗೆ ಆದಷ್ಟು ಹತ್ತಿರ ಒಂದು ಫ್ಯೂಸ್ ಇರಲೇಬೇಕು, ಅದು ಡಿಸಿಗೆಂದೇ ಮಾಡಿದ್ದಾಗಿರಬೇಕು. ಮನೆಯ ಬೋರ್ಡಿನ ಎಸಿ ಎಂಸಿಬಿ ಇಲ್ಲಿಗೆ ಆಗದು: ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುವುದರಿಂದ ಕಿಡಿ ತಾನೇ ಆರುತ್ತದೆ, ಡಿಸಿಯಲ್ಲಿ ಆ ಬಿಡುವಿಲ್ಲ, ಕಿಡಿ ಹಾಗೇ ಉರಿಯುತ್ತಿರಬಹುದು. 48 ವೋಲ್ಟ್ ಒಣ ಕೈಗೆ ಸಾಮಾನ್ಯವಾಗಿ ಶಾಕ್ ಹೊಡೆಯುವುದಿಲ್ಲ, ಮಳೆಗಾಲದ ಒದ್ದೆ ಕೈಗೆ ಜುಂ ಎನ್ನಬಹುದು. ಸ್ಪ್ಯಾನರ್ ಕೈ ಜಾರಿ ಎರಡು ಟರ್ಮಿನಲ್ ಮೇಲೆ ಅಡ್ಡ ಬಿದ್ದರೆ ಮಾತ್ರ 12 ಆಗಲಿ 48 ಆಗಲಿ ಭೇದವಿಲ್ಲ, ಸಾವಿರಾರು ಆಂಪಿಯರ್ ಹರಿದು ಕಬ್ಬಿಣ ಕೆಂಪಾಗುತ್ತದೆ. ಬ್ಯಾಟರಿ ಮುಟ್ಟುವ ಮೊದಲು ವಾಚು, ಉಂಗುರ ತೆಗೆದಿಡುವುದು, ಸ್ಪ್ಯಾನರಿನ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತುವುದು ಅದಕ್ಕೇ.