ಮಾಫಿ ಸಾಕ್ಷಿ

ಅಪರಾಧದಲ್ಲಿ ತಾನೂ ಪಾಲುಗೊಂಡವನು, ತನಗೆ ಗೊತ್ತಿರುವುದನ್ನೆಲ್ಲ ಮುಚ್ಚಿಡದೆ ಹೇಳುತ್ತೇನೆಂಬ ಷರತ್ತಿನ ಮೇಲೆ ನ್ಯಾಯಾಲಯದಿಂದ ಕ್ಷಮೆ ಪಡೆದು, ಆರೋಪಿಯ ಕಟಕಟೆಯಿಂದ ಸಾಕ್ಷಿಯ ಕಟಕಟೆಗೆ ದಾಟಿದರೆ ಅವನನ್ನು ಮಾಫಿ ಸಾಕ್ಷಿ ಎನ್ನುತ್ತಾರೆ. ವಕೀಲರ ಬಾಯಲ್ಲಿ ಅವನು ಅಪ್ರೂವರ್. ಪಿತೂರಿ, ದರೋಡೆ, ಲಂಚದಂತಹ ಅಪರಾಧಗಳು ಬಾಗಿಲು ಹಾಕಿಕೊಂಡೇ ನಡೆಯುತ್ತವೆ. ಒಳಗೆ ಏನಾಯಿತೆಂದು ಹೇಳಬಲ್ಲವನು ಒಳಗಿದ್ದವನೇ. ಆದರೆ ಸ್ವಂತ ಕುತ್ತಿಗೆ ಉಳಿಸಿಕೊಳ್ಳಲು ಮಾತನಾಡುವವನೂ ಅವನೇ. ಭಾರತದ ಕಾನೂನು ಸುಮಾರು ಒಂದೂವರೆ ಶತಮಾನದಿಂದ ಈ ಇಕ್ಕಟ್ಟಿನ ನಡುವೆ ದಾರಿ ಹುಡುಕುತ್ತಿದೆ.

ಅಪ್ರೂವರ್ ಎಂಬ ಪದ ಬಂದದ್ದು ಮಧ್ಯಯುಗದ ಇಂಗ್ಲೆಂಡಿನಿಂದ. ಅಲ್ಲಿ ಸಿಕ್ಕಿಬಿದ್ದ ಅಪರಾಧಿ ತಪ್ಪೊಪ್ಪಿಕೊಂಡು ಜೊತೆಗಾರರ ಮೇಲೆ ದೂರು ಹೊರಿಸಬಹುದಿತ್ತು. ದೂರು ಸಾಬೀತಾದರೆ ಜೀವ ಉಳಿಯುತ್ತಿತ್ತು, ಸಾಬೀತಾಗದಿದ್ದರೆ ಅವನಿಗೇ ಗಲ್ಲು. ಕೆಲವೊಮ್ಮೆ ದೂರಿಸಿಕೊಂಡವನ ಜೊತೆ ಅವನು ದ್ವಂದ್ವಯುದ್ಧವನ್ನೂ ಮಾಡಬೇಕಾಗುತ್ತಿತ್ತು. ಇಂಥ ಏರ್ಪಾಡಿನಲ್ಲಿ ಸತ್ಯಕ್ಕಿಂತ ಸುಳ್ಳಿಗೇ ಹೆಚ್ಚು ಬೆಲೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಭಾರತದಲ್ಲಿ ಈ ಪದ್ಧತಿ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದದ್ದು 1830ರ ದಶಕದ ಠಗ್ಗರ ಬೇಟೆಯಲ್ಲಿ. ಫಿರಂಗಿಯಾನಂತಹ ಹಿಡಿದು ತಂದ ಠಗ್ಗರಿಂದಲೇ ವಿಲಿಯಂ ಸ್ಲೀಮನ್ ಉಳಿದವರ ಹೆಸರು, ನಂಟು, ಹೆಣ ಹೂತ ಜಾಗಗಳನ್ನು ಹೊರಡಿಸಿದ. ಅವರಿಗೆ ಸಿಕ್ಕ ಕ್ಷಮೆ ಬಿಡುಗಡೆಯಾಗಿರಲಿಲ್ಲ. ಗಲ್ಲು ತಪ್ಪಿತು, ಕಾವಲು ತಪ್ಪಲಿಲ್ಲ. ಅನೇಕರು ಜಬಲ್ಪುರದಲ್ಲಿ ಜಮಖಾನ ನೇಯುತ್ತ ಬಂಧನದಲ್ಲೇ ಮುದುಕರಾದರು. ಮುಂದೆ ಸುರಪುರದಲ್ಲಿ ಅಧಿಕಾರಿಯಾಗಿ ಕನ್ನಡಿಗರಿಗೆ ಪರಿಚಿತನಾದ ಮೆಡೋಸ್ ಟೇಲರ್ 1839ರಲ್ಲಿ ಬರೆದ ಠಗ್ಗನ ಕಾದಂಬರಿಯೂ ಒಬ್ಬ ಮಾಫಿ ಸಾಕ್ಷಿಯ ತಪ್ಪೊಪ್ಪಿಗೆಯ ರೂಪದಲ್ಲೇ ಇದೆ. ಒಬ್ಬ ಠಗ್ಗನ ಮಾತಿಗೆ ಇನ್ನೊಬ್ಬ ಠಗ್ಗನ ಮಾತೇ ಆಧಾರವಾದ ಆ ವಿಚಾರಣೆಗಳನ್ನು ಇಂದಿನ ಇತಿಹಾಸಕಾರರು ಅನುಮಾನದಿಂದಲೇ ಓದುತ್ತಾರೆ.

ಕ್ಷಮೆ ನೀಡುವ ಅಧಿಕಾರ 1898ರ ದಂಡ ಪ್ರಕ್ರಿಯಾ ಸಂಹಿತೆಯ 337ನೇ ಕಲಮಿನಲ್ಲಿತ್ತು. 1973ರ ಸಂಹಿತೆಯಲ್ಲಿ ಅದು 306ರಿಂದ 308ರವರೆಗಿನ ಕಲಮುಗಳಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 343ರಿಂದ 345. ಅಂಕಿ ಬದಲಾದರೂ ತಿರುಳು ಬದಲಾಗಿಲ್ಲ. ಸೆಷನ್ಸ್ ನ್ಯಾಯಾಲಯವೇ ವಿಚಾರಿಸಬೇಕಾದ ಅಥವಾ 7 ವರ್ಷ ಇಲ್ಲವೇ ಅದಕ್ಕಿಂತ ಹೆಚ್ಚಿನ ಸಜೆ ಇರುವ ಅಪರಾಧಗಳಿಗೆ ಇದು ಅನ್ವಯಿಸುತ್ತದೆ. ಪೊಲೀಸರು ಕ್ಷಮೆ ಕೊಡಲಾರರು, ಸರ್ಕಾರಿ ವಕೀಲರೂ ಕೊಡಲಾರರು. ಅವರು ಕೇಳಬಹುದು ಅಷ್ಟೆ. ಕೊಡುವುದು ಮ್ಯಾಜಿಸ್ಟ್ರೇಟರು ಅಥವಾ ವಿಚಾರಣಾ ನ್ಯಾಯಾಲಯ. ಕೊಡುವ ಮ್ಯಾಜಿಸ್ಟ್ರೇಟರು ಕಾರಣವನ್ನೂ, ಆರೋಪಿ ಅದನ್ನು ಒಪ್ಪಿದನೋ ಇಲ್ಲವೋ ಎಂಬುದನ್ನೂ ಬರೆದಿಡಬೇಕು.

ಷರತ್ತು ಒಂದೇ, ಆದರೆ ಬಿಗಿಯಾದದ್ದು. ಅಪರಾಧದ ಬಗ್ಗೆ ತನಗೆ ತಿಳಿದಿರುವುದನ್ನು ಪೂರ್ತಿಯಾಗಿ, ನಿಜವಾಗಿ ಹೇಳಬೇಕು. ಅದರಲ್ಲಿ ಕೈಯಾಡಿಸಿದ ಪ್ರತಿಯೊಬ್ಬನ ಪಾತ್ರವನ್ನೂ ಹೇಳಬೇಕು. ತನ್ನ ಪಾಲನ್ನು ತೊಳೆದಿಟ್ಟು ಉಳಿದವರ ಪಾಲನ್ನಷ್ಟೇ ಬಿಚ್ಚುವಂತಿಲ್ಲ. ಪ್ರಕರಣವನ್ನು ಕೈಗೆತ್ತಿಕೊಂಡ ಮ್ಯಾಜಿಸ್ಟ್ರೇಟರ ಮುಂದೆ ಒಮ್ಮೆ, ಆಮೇಲೆ ಸೆಷನ್ಸ್ ವಿಚಾರಣೆಯಲ್ಲಿ ಮತ್ತೊಮ್ಮೆ ಸಾಕ್ಷಿ ನುಡಿಯಬೇಕು. ಈ ಮೊದಲ ಸುತ್ತು ಬರೀ ಶಾಸ್ತ್ರಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಸುರೇಶಚಂದ್ರ ಬಹ್ರಿ ಪ್ರಕರಣದಲ್ಲಿ ಹೇಳಿತು. ಆಗ ಆಡಿದ ಮಾತಿಗೂ ಆಮೇಲೆ ಆಡಿದ ಮಾತಿಗೂ ಇರುವ ವ್ಯತ್ಯಾಸವನ್ನು ಎತ್ತಿ ಹಿಡಿಯಲು ಆರೋಪಿಗಳಿಗೆ ಸಿಗುವ ಅವಕಾಶ ಅದೇ. ಪ್ರಕರಣ ಸೆಷನ್ಸ್ ನ್ಯಾಯಾಲಯಕ್ಕೆ ಹೋದ ಮೇಲೆ ಆ ನ್ಯಾಯಾಲಯವೇ ಕ್ಷಮೆ ಕೊಟ್ಟರೆ ಮಾತ್ರ ಈ ಸುತ್ತು ಇರುವುದಿಲ್ಲ.

ಇನ್ನೊಂದು ನಿಯಮ ಕಠೋರವಾಗಿ ಕಾಣುತ್ತದೆ. ಮೊದಲೇ ಜಾಮೀನಿನ ಮೇಲೆ ಇಲ್ಲದಿದ್ದರೆ, ಕ್ಷಮೆ ಪಡೆದವನು ವಿಚಾರಣೆ ಮುಗಿಯುವವರೆಗೂ ಬಂಧನದಲ್ಲೇ ಇರಬೇಕು. ಕ್ಷಮೆ ಸಿಕ್ಕದ ಆರೋಪಿ ಜಾಮೀನಿನ ಮೇಲೆ ಹೊರಗಿದ್ದು, ಸಿಕ್ಕವನು ಒಳಗಿರುವ ವಿಚಿತ್ರ ಇದರಿಂದ ಹುಟ್ಟುತ್ತದೆ. ಮಾಫಿ ಸಾಕ್ಷಿ ತನ್ನ ಮಾತಿನಿಂದ ಜಾರಿಕೊಳ್ಳಬಾರದು, ಹಳೆಯ ಜೊತೆಗಾರರ ಕೈಗೆ ಸಿಗಲೂಬಾರದು ಎಂಬುದು ಇದಕ್ಕೆ ಕೊಡುವ ಕಾರಣ. ಜೈಲಿನ ಗೋಡೆಯೂ ಕಾಯಲಾರದು ಎಂಬುದಕ್ಕೆ ಅಲಿಪುರ ಬಾಂಬ್ ಪ್ರಕರಣದ ಮಾಫಿ ಸಾಕ್ಷಿ ನರೇಂದ್ರನಾಥ ಗೋಸ್ವಾಮಿಯೇ ನಿದರ್ಶನ. 1908ರ ಆಗಸ್ಟ್ 31ರಂದು ಅಲಿಪುರ ಜೈಲಿನೊಳಗೇ ಕನ್ಹಾಯಿಲಾಲ್ ದತ್ತ ಮತ್ತು ಸತ್ಯೇಂದ್ರನಾಥ ಬಸು ಅವನನ್ನು ಗುಂಡಿಟ್ಟು ಕೊಂದರು. ಆರೋಪಿಗಳ ವಕೀಲರು ಅವನನ್ನು ಪಾಟಿ ಸವಾಲಿಗೆ ಒಳಪಡಿಸುವ ಮೊದಲೇ ಅವನು ಸತ್ತಿದ್ದ. ಹಾಗಾಗಿ ಅವನ ಹೇಳಿಕೆ ಅಭಿಯೋಜನೆಯ ಕೈತಪ್ಪಿತು. ಆರೋಪಿಗಳಲ್ಲೊಬ್ಬರಾದ ಅರವಿಂದ ಘೋಷರು ಮುಂದಿನ ವರ್ಷ ಖುಲಾಸೆಯಾದರು.

ಮಾತು ತಪ್ಪಿದರೆ? ಅವನು ಬೇಕೆಂದೇ ಮುಚ್ಚಿಟ್ಟಿದ್ದಾನೆ ಅಥವಾ ಸುಳ್ಳು ಹೇಳಿದ್ದಾನೆ ಎಂದು ಸರ್ಕಾರಿ ಅಭಿಯೋಜಕರು ಪ್ರಮಾಣಪತ್ರ ಕೊಟ್ಟರೆ ಹಳೆಯ ಆರೋಪ ಮತ್ತೆ ಎದ್ದು ಕೂರುತ್ತದೆ. ಅವನ ವಿಚಾರಣೆ ಮಾತ್ರ ಉಳಿದವರ ಜೊತೆ ನಡೆಯುವಂತಿಲ್ಲ, ಬೇರೆಯಾಗಿಯೇ ಆಗಬೇಕು. ಅವನು ಕೊಟ್ಟ ಹೇಳಿಕೆಯನ್ನು ಅವನ ವಿರುದ್ಧವೇ ಬಳಸಬಹುದು. ಷರತ್ತು ಪಾಲಿಸಿದ್ದೇನೆಂದು ಅವನು ವಾದಿಸಿದರೆ, ಪಾಲಿಸಿಲ್ಲವೆಂದು ತೋರಿಸುವ ಹೊಣೆ ಅಭಿಯೋಜನೆಯದು. ಸುಳ್ಳು ಸಾಕ್ಷ್ಯದ ಮೊಕದ್ದಮೆ ಹೂಡಲು ಹೈಕೋರ್ಟಿನ ಅನುಮತಿಯೂ ಬೇಕು. ಕ್ಷಮೆ ಒಪ್ಪಿಕೊಂಡ ಮೇಲೆ ಮನಸ್ಸು ಬದಲಾಯಿತೆಂದು ಸಾಕ್ಷಿ ಹೇಳದೆ ಉಳಿಯಲೂ ಆಗದು. ಪ್ರಮಾಣಪತ್ರ ಬರುವವರೆಗೆ ಅವನು ಸಾಕ್ಷಿಯೇ, ಆರೋಪಿಯಲ್ಲ ಎಂದು ಜಗಜಿತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಇಷ್ಟೆಲ್ಲ ದಾಟಿ ಬಂದವನ ಮಾತನ್ನು ನಂಬುವುದು ಹೇಗೆ? 1872ರ ಸಾಕ್ಷ್ಯ ಅಧಿನಿಯಮ ಇಲ್ಲಿ ಎರಡು ದನಿಯಲ್ಲಿ ಮಾತನಾಡಿತು. ಸಹಾಪರಾಧಿಯ ಮಾತಿಗೆ ಬೇರೆ ಆಧಾರವಿಲ್ಲವೆಂಬ ಒಂದೇ ಕಾರಣಕ್ಕೆ ಶಿಕ್ಷೆ ಕಾನೂನುಬಾಹಿರವಾಗದು ಎಂದಿತು 133ನೇ ಕಲಮು. ಮುಖ್ಯ ವಿವರಗಳಲ್ಲಿ ಬೇರೆ ಆಧಾರ ಸಿಗದ ಹೊರತು ಅವನು ನಂಬಿಕೆಗೆ ಅರ್ಹನಲ್ಲವೆಂದು ನ್ಯಾಯಾಲಯ ಭಾವಿಸಬಹುದು ಎಂದಿತು 114ನೇ ಕಲಮಿನ ದೃಷ್ಟಾಂತ. ನ್ಯಾಯಾಲಯಗಳು ಎರಡನ್ನೂ ಒಟ್ಟಿಗೆ ಓದಿ, ಆಧಾರ ಕೇಳುವುದನ್ನೇ ರೂಢಿ ಮಾಡಿಕೊಂಡವು. ಆ ಆಧಾರ ಹೇಗಿರಬೇಕೆಂದು 1951ರಲ್ಲಿ ರಾಮೇಶ್ವರ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಬಿಡಿಸಿ ಹೇಳಿದರು. ಕಥೆಯ ಪ್ರತಿ ಎಳೆಗೂ ಬೇರೆ ಸಾಕ್ಷಿ ಬೇಕಿಲ್ಲ. ಹಾಗಿದ್ದರೆ ಸಹಾಪರಾಧಿಯ ಅಗತ್ಯವೇ ಬೀಳದು. ಆದರೆ ಆಧಾರ ಸ್ವತಂತ್ರ ಮೂಲದಿಂದ ಬರಬೇಕು, ಆರೋಪಿಯನ್ನು ಅಪರಾಧಕ್ಕೆ ಜೋಡಿಸಬೇಕು. ಒಬ್ಬ ಪಾಲುದಾರನ ಮಾತಿಗೆ ಇನ್ನೊಬ್ಬ ಪಾಲುದಾರ ಸಾಮಾನ್ಯವಾಗಿ ಆಧಾರವಾಗಲಾರ. 1957ರಲ್ಲಿ ಸರವಣ್ ಸಿಂಗ್ ಪ್ರಕರಣ ಇದಕ್ಕೆ ಮೊದಲ ಮೆಟ್ಟಿಲೊಂದನ್ನು ಸೇರಿಸಿತು. ಮೊದಲು ಅವನ ಮಾತು ತನ್ನಷ್ಟಕ್ಕೆ ನಂಬುವಂತಿದೆಯೇ ನೋಡಬೇಕು. ಇಲ್ಲದಿದ್ದರೆ ಆಧಾರ ಹುಡುಕುವ ಪ್ರಶ್ನೆಯೇ ಏಳದು.

ಈ ತತ್ವ ಎಲ್ಲಕ್ಕಿಂತ ನಿಚ್ಚಳವಾಗಿ ಕಾಣುವುದು ಗಾಂಧಿ ಹತ್ಯೆಯ ವಿಚಾರಣೆಯಲ್ಲಿ. ಪುಣೆಯಲ್ಲಿ ಶಸ್ತ್ರ ಭಂಡಾರವೆಂಬ ಅಂಗಡಿ ಇಟ್ಟಿದ್ದ ದಿಗಂಬರ ಬಡ್ಗೆಯನ್ನು ಹತ್ಯೆಯ ಮರುದಿನವೇ ಬಂಧಿಸಲಾಗಿತ್ತು. 1948ರ ಜೂನ್‌ನಲ್ಲಿ ಅವನಿಗೆ ಕ್ಷಮೆ ಸಿಕ್ಕಿತು. ಕೆಂಪು ಕೋಟೆಯಲ್ಲಿ ನ್ಯಾಯಾಧೀಶ ಆತ್ಮಚರಣರ ಮುಂದೆ ಜುಲೈ 20ರಿಂದ 30ರವರೆಗೆ ಅವನ ಸಾಕ್ಷ್ಯ ನಡೆಯಿತು. ಅದರಲ್ಲಿ ಸುಮಾರು ಏಳು ದಿನ ಪಾಟಿ ಸವಾಲು. ಅವನು ಪ್ರಶ್ನೆಗಳಿಂದ ನುಣುಚಿಕೊಳ್ಳಲಿಲ್ಲ, ನೇರವಾಗಿ ಉತ್ತರಿಸಿದ ಎಂದು ನ್ಯಾಯಾಧೀಶರು ದಾಖಲಿಸಿದರು. ಮೊದಲ ಮೆಟ್ಟಿಲು ದಾಟಿದಂತಾಯಿತು.

ಎರಡನೆಯದು ಪ್ರತಿ ಆರೋಪಿಗೂ ಬೇರೆ ಬೇರೆ. ಹತ್ಯೆಗೆ ಮೊದಲು ಜನವರಿ 20ರಂದು ನಡೆದ ವಿಫಲ ಯತ್ನದ ದಿನ ಗುಂಪು ಹಿಂದೂ ಮಹಾಸಭಾ ಭವನದ ಹಿಂದಿನ ಕಾಡಿಗೆ ಹೋಗಿ ರಿವಾಲ್ವರ್ ಪರೀಕ್ಷಿಸಿತು ಎಂದ ಬಡ್ಗೆ. ಅಲ್ಲಿ ಅವರನ್ನು ಕಂಡ ಅರಣ್ಯ ರಕ್ಷಕನೊಬ್ಬ ಸಾಕ್ಷಿ ನುಡಿದ. ಟ್ಯಾಕ್ಸಿಯಲ್ಲಿ ಬಿರ್ಲಾ ಭವನಕ್ಕೆ ಹೋದೆವೆಂದ. ಟ್ಯಾಕ್ಸಿ ಚಾಲಕ ಬಂದು ಹೌದೆಂದ. ಗೋಡ್ಸೆ ಮತ್ತು ಆಪ್ಟೆ ಮರೀನಾ ಹೋಟೆಲಿನಲ್ಲಿದ್ದರೆಂದ. ಅಲ್ಲಿ ಅವರು ಸುಳ್ಳು ಹೆಸರಿನಲ್ಲಿ ತಂಗಿದ್ದರೂ, ಗೋಡ್ಸೆಯ ಹೆಸರಿನ ಮೊದಲಕ್ಷರಗಳಿದ್ದ ಬಟ್ಟೆ ಒಗೆಯಲು ಹೋಗಿ ಉಳಿದುಬಿಟ್ಟಿತ್ತು.

ಸಾವರ್ಕರ್ ವಿಷಯಕ್ಕೆ ಬಂದಾಗ ಎಳೆ ತುಂಡಾಯಿತು. ಜನವರಿ 17ರಂದು ಆಪ್ಟೆ, ಗೋಡ್ಸೆ ಮುಂಬೈಯ ಸಾವರ್ಕರ್ ಸದನದ ಮಹಡಿಗೆ ಹೋದರು, ತಾನು ಕೆಳಗಿದ್ದೆ, ಅವರ ಹಿಂದೆಯೇ ಇಳಿದು ಬಂದ ಸಾವರ್ಕರ್ ಯಶಸ್ವಿಯಾಗಿ ಬನ್ನಿ ಎಂದು ಮರಾಠಿಯಲ್ಲಿ ಹರಸಿದರು ಎಂದು ಬಡ್ಗೆ ಹೇಳಿದ್ದ. ಇದಕ್ಕೆ ಆಧಾರವಾಗಿ ಅಭಿಯೋಜನೆ ಇಬ್ಬರನ್ನು ಕರೆಸಿತು. ಒಬ್ಬರು ಜನವರಿ 14ರಂದು ಗೋಡ್ಸೆ, ಆಪ್ಟೆಯನ್ನು ಸಾವರ್ಕರ್ ಸದನದ ಹತ್ತಿರ ಇಳಿಸಿದ್ದ ನಟಿ ಶಾಂತಾಬಾಯಿ ಮೋಡಕ್. ಇನ್ನೊಬ್ಬ, ಹೆಸರಿನಲ್ಲೇ ತುಳುನಾಡನ್ನು ಹೊತ್ತ ಮುಂಬೈಯ ಟ್ಯಾಕ್ಸಿ ಚಾಲಕ ಐತಪ್ಪ ಕೋಟ್ಯಾನ್. ಗೋಡ್ಸೆ, ಆಪ್ಟೆ ಆ ಮನೆಯ ಕಡೆಗೆ ಹೋದದ್ದು ಇದರಿಂದ ಗಟ್ಟಿಯಾಯಿತು. ಒಳಗೆ ಯಾರನ್ನು ಕಂಡರು, ಏನು ಮಾತಾಯಿತು ಎಂಬುದು ಬಡ್ಗೆಯ ಬಾಯಲ್ಲಿ ಮಾತ್ರ ಉಳಿಯಿತು. ಅದೊಂದರ ಮೇಲೆ ತೀರ್ಮಾನ ಕಟ್ಟುವುದು ಸುರಕ್ಷಿತವಲ್ಲವೆಂದು ನ್ಯಾಯಾಧೀಶರು 1949ರ ಫೆಬ್ರುವರಿ 10ರಂದು ಸಾವರ್ಕರರನ್ನು ಖುಲಾಸೆ ಮಾಡಿದರು. ಬಡ್ಗೆ ಸುಳ್ಳುಗಾರನೆಂಬುದು ಇದರ ಅರ್ಥವಲ್ಲ. ಅದೇ ಮನುಷ್ಯನ ಅದೇ ಸಾಕ್ಷ್ಯ ಒಬ್ಬ ಆರೋಪಿಯ ವಿರುದ್ಧ ಸಾಕಾಯಿತು, ಇನ್ನೊಬ್ಬರ ವಿರುದ್ಧ ಸಾಲಲಿಲ್ಲ. ಸಾವರ್ಕರರ ಅಂಗರಕ್ಷಕ ಮತ್ತು ಕಾರ್ಯದರ್ಶಿ 1948ರಲ್ಲೇ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದರೂ ಅವರನ್ನು ವಿಚಾರಣೆಯಲ್ಲಿ ಸಾಕ್ಷಿಗಳಾಗಿ ಕರೆದಿರಲಿಲ್ಲ. 1960ರ ದಶಕದ ಕಪೂರ್ ಆಯೋಗದ ವರದಿಯಿಂದ ಆ ಹೇಳಿಕೆಗಳು ಚರ್ಚೆಗೆ ಬಂದವು.

ಈ ಪ್ರಕರಣದ ಇನ್ನೊಂದು ಮೂಲೆಯತ್ತ ಕಣ್ಣು ಹೋಗುವುದು ಕಡಿಮೆ. ಬಡ್ಗೆಯ ಮನೆಯಾಳು ಶಂಕರ ಕಿಸ್ತಯ್ಯ ಧಣಿ ಹೇಳಿದಲ್ಲಿಗೆ ಹೋದವನು. ಧಣಿಗೆ ಕ್ಷಮೆ ಸಿಕ್ಕಿತು, ಆಳಿಗೆ ಜೀವಾವಧಿ ಶಿಕ್ಷೆಯಾಯಿತು. ಅದನ್ನು ಏಳು ವರ್ಷಕ್ಕೆ ಇಳಿಸಬಹುದೆಂದು ಸ್ವತಃ ನ್ಯಾಯಾಧೀಶರೇ ಶಿಫಾರಸು ಮಾಡಿದರು. ಮೇಲ್ಮನವಿಯಲ್ಲಿ ಪಂಜಾಬ್ ಹೈಕೋರ್ಟ್ ಅವನನ್ನು ಬಿಡುಗಡೆ ಮಾಡಿತು. ಹೆಚ್ಚು ತಿಳಿದವನಿಗೇ ಕ್ಷಮೆಯ ಬೆಲೆ ತೆರುವ ಶಕ್ತಿ ಇರುತ್ತದೆ, ಕಡಿಮೆ ತಿಳಿದವನ ಬಳಿ ಮಾರಲು ಏನೂ ಇರುವುದಿಲ್ಲ ಎಂಬ ಆಕ್ಷೇಪ ಈ ಪದ್ಧತಿಯ ಮೇಲೆ ಇಂದಿಗೂ ಇದೆ.

2023ರ ಭಾರತೀಯ ಸಾಕ್ಷ್ಯ ಅಧಿನಿಯಮ ಹಳೆಯ ಎರಡು ದನಿಗಳ ನಡುವಿನ ಅಂತರವನ್ನು ಒಂದು ಪದದಿಂದ ಕಿರಿದಾಗಿಸಿದೆ. ಆಧಾರವಿಲ್ಲದ ಸಾಕ್ಷ್ಯದ ಮೇಲಿನ ಶಿಕ್ಷೆ ಕಾನೂನುಬಾಹಿರವಲ್ಲ ಎಂದಿದ್ದ ಕಡೆ, ಆಧಾರವಿರುವ ಸಾಕ್ಷ್ಯದ ಮೇಲಿನ ಶಿಕ್ಷೆ ಕಾನೂನುಬಾಹಿರವಲ್ಲ ಎಂದು ಅದರ 138ನೇ ಕಲಮು ಹೇಳುತ್ತದೆ. ಹಳೆಯ ದೃಷ್ಟಾಂತ 119ನೇ ಕಲಮಿನಲ್ಲಿ ಹಾಗೆಯೇ ಉಳಿದಿದೆ. ನ್ಯಾಯಾಲಯಗಳು ಇಷ್ಟು ದಿನ ಎಚ್ಚರಿಕೆಗಾಗಿ ಪಾಲಿಸುತ್ತಿದ್ದದ್ದು ಈಗ ಕಲಮಿನ ಮಾತಿನೊಳಗೇ ಬಂದಂತಾಗಿದೆ. ಆದರೆ 2024ರ ಜುಲೈ 1ಕ್ಕೆ ಮೊದಲೇ ತನಿಖೆಯಲ್ಲೋ ವಿಚಾರಣೆಯಲ್ಲೋ ಮೇಲ್ಮನವಿಯಲ್ಲೋ ಇದ್ದ ಪ್ರಕರಣಗಳಿಗೆ 1872ರ ಪಾಠವೇ ಅನ್ವಯ. ಹೀಗಾಗಿ ಒಂದೇ ನ್ಯಾಯಾಲಯದ ಸಭಾಂಗಣದಲ್ಲಿ ಎರಡೂ ಕಲಮುಗಳು ಇನ್ನೂ ಕೆಲವು ಕಾಲ ಓದಿಸಿಕೊಳ್ಳಲಿವೆ.