ಸಂಬಳ, ಫರ್ಸಿ ಅಂಗಡಿ, ಷೇರು ಲಾಭ: ಮೂರೂ ಇದ್ದವರಿಗೆ ಯಾವ ಐಟಿ ರಿಟರ್ನ್ ಫಾರ್ಮ್?

ಸೇಡಂ: ಸಿಮೆಂಟ್ ಕಾರ್ಖಾನೆಯಲ್ಲಿ ನೌಕರಿ, ಮನೆ ಕಡೆ ಸಣ್ಣದೊಂದು ಅಂಗಡಿ, ಫೋನಿನಲ್ಲಿ ಮ್ಯೂಚುವಲ್ ಫಂಡ್. ಸೇಡಂ, ವಾಡಿ, ಶಹಾಬಾದ್ ಕಡೆ ಇಂಥ ಮನೆಗಳು ಈಗ ಬಹಳ. ಕಾರ್ಖಾನೆಯಿಂದ ಫಾರ್ಮ್ 16 ಕೈಗೆ ಬಂದ ಕೂಡಲೇ ‘ನಾನು ನೌಕರದಾರ, ಐಟಿಆರ್-1 ಸಾಕು’ ಅಂತ ತುಂಬಿ ಬಿಡುವವರಿದ್ದಾರೆ. ತಪ್ಪು ಆಗೋದು ಇಲ್ಲೇ. ಫಾರ್ಮ್ ನಿರ್ಧಾರ ಆಗುವುದು ದೊಡ್ಡ ಆದಾಯದಿಂದಲ್ಲ, ಯಾವ್ಯಾವ ಬಗೆಯ ಆದಾಯ ಇದೆ ಎಂಬುದರಿಂದ. ಇಲ್ಲಿರುವ ಮಾಹಿತಿ 2024-25ನೇ ಆರ್ಥಿಕ ವರ್ಷದ (ಅಸೆಸ್‌ಮೆಂಟ್ ವರ್ಷ 2025-26) ಫಾರ್ಮ್‌ಗಳದ್ದು.

ಮೊದಲ ಪ್ರಶ್ನೆ: ವ್ಯಾಪಾರ ಇದೆಯೇ?

ವ್ಯಾಪಾರದ ಆದಾಯ ಒಂದು ರೂಪಾಯಿ ಇದ್ದರೂ ಐಟಿಆರ್-1 ಮತ್ತು ಐಟಿಆರ್-2 ಎರಡೂ ನಡೆಯುವುದಿಲ್ಲ. ಉಳಿಯುವುದು ಐಟಿಆರ್-3 ಮತ್ತು ಐಟಿಆರ್-4. ಷೇರು ಪೇಟೆಯಲ್ಲಿ ಬೆಳಗ್ಗೆ ಕೊಂಡು ಅದೇ ದಿನ ಮಾರುವ ಇಂಟ್ರಾಡೇ ಮತ್ತು ಎಫ್ ಅಂಡ್ ಓ ವಹಿವಾಟು ಕೂಡ ಕಾನೂನಿನಲ್ಲಿ ವ್ಯಾಪಾರವೇ. ಅದನ್ನು ಬಂಡವಾಳ ಲಾಭ ಅಂತ ಐಟಿಆರ್-2ರಲ್ಲಿ ತೋರಿಸಬಾರದು.

ಒಂದು ಉದಾಹರಣೆ

ವಾಡಿಯ ಒಬ್ಬ ನೌಕರರಿಗೆ ಸಂಬಳ 7,20,000 ರೂ. ಎಂದಿಟ್ಟುಕೊಳ್ಳಿ. ಜೊತೆಗೆ ಶಹಾಬಾದ್ ಫರ್ಸಿ ಮಾರುವ ಅಂಗಡಿ. ವರ್ಷದ ವಹಿವಾಟು 18 ಲಕ್ಷ. ಅದರಲ್ಲಿ 12 ಲಕ್ಷ ಬ್ಯಾಂಕ್ ಮತ್ತು ಯುಪಿಐ ಮೂಲಕ, 6 ಲಕ್ಷ ನಗದು. ಸೆಕ್ಷನ್ 44ಎಡಿ ಪ್ರಕಾರ ಅಂದಾಜು ಲಾಭ ತೋರಿಸಿದರೆ ಬ್ಯಾಂಕ್ ವಹಿವಾಟಿಗೆ ಕನಿಷ್ಠ 6%, ಅಂದರೆ 72,000. ನಗದಿಗೆ ಕನಿಷ್ಠ 8%, ಅಂದರೆ 48,000. ಒಟ್ಟು 1,20,000 ರೂ. ವ್ಯಾಪಾರದ ಆದಾಯ.

ಇದೇ ವರ್ಷ ಅವರು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡಿದ್ದ ಈಕ್ವಿಟಿ ಫಂಡ್ ಮಾರಿ 90,000 ರೂ. ಲಾಭ ಪಡೆದರು. ಇಂಥ ದೀರ್ಘಾವಧಿ ಲಾಭ (ಸೆಕ್ಷನ್ 112ಎ) 1,25,000 ರೂ. ಒಳಗಿದ್ದು, ಒಟ್ಟು ಆದಾಯ 50 ಲಕ್ಷ ಮೀರದೆ, ಬಂಡವಾಳ ನಷ್ಟ ಯಾವುದನ್ನೂ ಮುಂದಕ್ಕೆ ಒಯ್ಯುವುದು ಇಲ್ಲದಿದ್ದರೆ ಐಟಿಆರ್-4 ಸಾಕು.

ಆದರೆ ಅವರು ಆರು ತಿಂಗಳಷ್ಟೇ ಇಟ್ಟಿದ್ದ ಷೇರು ಮಾರಿ 15,000 ರೂ. ಗಳಿಸಿದ್ದರೆ? ಅದು ಅಲ್ಪಾವಧಿ ಲಾಭ. ಮೊತ್ತ ಸಣ್ಣದಾದರೂ ಐಟಿಆರ್-4ರಲ್ಲಿ ಅದನ್ನು ಬರೆಯಲು ಜಾಗವೇ ಇಲ್ಲ. ಆಗ ಐಟಿಆರ್-3 ತುಂಬಲೇಬೇಕು. ಚಿತ್ತಾಪುರದಲ್ಲಿ ಪ್ಲಾಟ್ ಮಾರಿ ಲಾಭ ಬಂದಿದ್ದರೂ ಇದೇ ಫಾರ್ಮ್.

ಐಟಿಆರ್-3 ಅಂದ ಕೂಡಲೇ ಆಡಿಟ್ ಬೇಕು ಅಂತ ಹೆದರಬೇಕಿಲ್ಲ. ಅದೇ ಫಾರ್ಮ್‌ನಲ್ಲೂ 44ಎಡಿ ಅಡಿ 1,20,000 ರೂ. ತೋರಿಸಲು ಅವಕಾಶ ಇದೆ.

ತೊಗರಿ ಹೊಲ ಇದ್ದರೆ

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದ್ದರಿಂದ ಬರೆಯುವುದೇ ಬೇಡ ಅಂದುಕೊಳ್ಳುವವರು ಹೆಚ್ಚು. ಆದರೆ ಕೃಷಿ ಆದಾಯ 5,000 ರೂ. ದಾಟಿದರೆ ಐಟಿಆರ್-1, ಐಟಿಆರ್-4 ಎರಡೂ ಬರುವುದಿಲ್ಲ. ಮೇಲಿನ ನೌಕರರಿಗೆ ಚಿಂಚೋಳಿ ಕಡೆಯ ಹೊಲದಿಂದ ತೊಗರಿ ಮಾರಿ ಖರ್ಚು ಕಳೆದು 40,000 ರೂ. ಉಳಿದಿದ್ದರೆ, ಷೇರು ಮಾರದಿದ್ದರೂ ಅವರದು ಐಟಿಆರ್-3.

ಹಳೇ ತೆರಿಗೆ ಪದ್ಧತಿ ಬೇಕಾದವರಿಗೆ

ಹಣ ಕಳೆದುಕೊಳ್ಳುವ ಜಾಗ ಇದು. ಬರೀ ಸಂಬಳದವರು ರಿಟರ್ನ್ ಒಳಗೇ ಹಳೇ ಪದ್ಧತಿ ಆರಿಸಬಹುದು. ವ್ಯಾಪಾರದ ಆದಾಯ ಇದ್ದವರು ರಿಟರ್ನ್‌ನ ಕೊನೇ ದಿನಾಂಕದೊಳಗೆ ಪೋರ್ಟಲ್‌ನಲ್ಲಿ 10-ಐಇಎ ಫಾರ್ಮ್ ಬೇರೆಯಾಗಿ ಸಲ್ಲಿಸಬೇಕು. ಹಳೇ ಪದ್ಧತಿ ಅಂತ ಕಾರ್ಖಾನೆಗೆ ಬರೆದುಕೊಟ್ಟಿದ್ದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಈ ಫಾರ್ಮ್ ತಪ್ಪಿದರೆ ಹೊಸ ಪದ್ಧತಿಯಲ್ಲೇ ಲೆಕ್ಕ ಆಗುತ್ತದೆ. ಎಲ್‌ಐಸಿ, ಪಿಎಫ್‌ನಂಥ 80ಸಿ ವಿನಾಯಿತಿ ಸಿಗುವುದಿಲ್ಲ.

ತಪ್ಪು ಫಾರ್ಮ್ ಹೋದರೆ

ಸೆಕ್ಷನ್ 139(9) ಅಡಿ ‘ದೋಷಪೂರಿತ ರಿಟರ್ನ್’ ಎಂಬ ನೋಟಿಸ್ ಇಮೇಲ್‌ಗೆ ಬರಬಹುದು. ಸರಿಪಡಿಸಲು 15 ದಿನ ಸಮಯ. ಸುಮ್ಮನಿದ್ದರೆ ರಿಟರ್ನ್ ಸಲ್ಲಿಸಿಯೇ ಇಲ್ಲ ಎಂದು ಪರಿಗಣಿಸಬಹುದು. ಆಗ ರೀಫಂಡ್ ನಿಲ್ಲುತ್ತದೆ, ಷೇರಿನ ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವ ಹಕ್ಕೂ ಹೋಗುತ್ತದೆ. ನೋಟಿಸ್ ಬರುವ ಮೊದಲೇ ತಪ್ಪು ಗೊತ್ತಾದರೆ ಗಡುವಿನೊಳಗೆ ಸರಿಯಾದ ಫಾರ್ಮ್‌ನಲ್ಲಿ ಪರಿಷ್ಕೃತ ರಿಟರ್ನ್ ಹಾಕಬಹುದು.

ಫಾರ್ಮ್ ಆರಿಸುವ ಮೊದಲು ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಎಐಎಸ್ ತೆರೆದು ನೋಡಿ. ಫಂಡ್ ಮತ್ತು ಷೇರು ಮಾರಾಟ, ಆಸ್ತಿ ವಹಿವಾಟು, ಟಿಡಿಎಸ್ ಅದರಲ್ಲಿ ಸಾಮಾನ್ಯವಾಗಿ ಇರುತ್ತವೆ. ಫಾರ್ಮ್ 16ರಲ್ಲಿ ಕಾಣದ್ದು ಅಲ್ಲಿ ಕಂಡರೆ, ನಿಮ್ಮ ಫಾರ್ಮ್ ಐಟಿಆರ್-1 ಹೌದೋ ಅಲ್ಲವೋ ಅಂತ ಇನ್ನೊಮ್ಮೆ ನೋಡ್ಕೊಳ್ಳಿ.